ಬೈಪಾಸ್ ಆದ ಮೇಲೆ ಯಾವ ವಾರ ಎಷ್ಟು ನಡಿಗೆ, ಯಾವುದಕ್ಕೆ ಭಯ?

ಪ್ರಶ್ನೆ: ನಮ್ಮ ಅಪ್ಪನಿಗೆ 63 ವರ್ಷ. ಬೈಪಾಸ್ ಆಗಿ ಇವತ್ತಿಗೆ ಹನ್ನೊಂದು ದಿನ, ಮನೆಗೆ ಬಂದು ನಾಲ್ಕು ದಿನ. ಹೃದಯಕ್ಕೆ ರಕ್ತ ಹೋಗುವ ಹೊಸ ದಾರಿಯಾಗಿ ಮೂರು ಗ್ರಾಫ್ಟ್ ಹಾಕಿದ್ದಾರೆ, ಎರಡಕ್ಕೆ ಎಡಗಾಲಿನ ರಕ್ತನಾಳ ತೆಗೆದಿದ್ದಾರೆ. ಡಿಸ್ಚಾರ್ಜ್ ಹಾಳೆಯಲ್ಲಿ ‘ನಡಿಗೆ ಹೆಚ್ಚಿಸಿ, ಭಾರ ಎತ್ತಬೇಡಿ’ ಅಂತ ಒಂದೇ ಸಾಲು ಇದೆ. ಅಮ್ಮ ಬಾತ್‌ರೂಮಿಗೆ ಬಿಟ್ಟು ಬೇರೆ ಯಾವುದಕ್ಕೂ ಅವರನ್ನು ಏಳಲು ಬಿಡುತ್ತಿಲ್ಲ. ಸುಮ್ಮನೆ ಕೂತಾಗಲೂ ನಾಡಿ 92 ಇರುತ್ತದೆ. ನಿನ್ನೆ ಸಂಜೆ ಕಾರಣವೇ ಇಲ್ಲದೆ ಅತ್ತುಬಿಟ್ಟರು. ಯಾವ ವಾರ ಏನು ಮಾಡಿಸಬೇಕು, ಯಾವುದಕ್ಕೆ ಹೆದರಬೇಕು, ದಯವಿಟ್ಟು ತಿಳಿಸಿ.

ಉತ್ತರ: ಇವತ್ತು ಸಂಜೆಯೇ ಅಪ್ಪನನ್ನು ಎಬ್ಬಿಸಿ ಮನೆಯೊಳಗೆ ಐದು ನಿಮಿಷ ನಡೆಸಿ. ಮಲಗುವ ಮುಂಚೆ ಇನ್ನೊಂದು ಸಲ. ಆಸ್ಪತ್ರೆಯವರು ಅವರನ್ನು ವಾರ್ಡಿನ ಉದ್ದಕ್ಕೂ ನಡೆಸಿ ನೋಡಿಯೇ ಕಳಿಸಿರುತ್ತಾರೆ. ಅಲ್ಲಿ ನಡೆಯುತ್ತಿದ್ದವರು ಮನೆಗೆ ಬಂದು ಹಾಸಿಗೆ ಹಿಡಿದರೆ ದಿನದಿಂದ ದಿನಕ್ಕೆ ಹಿಂದೆ ಸರಿಯುತ್ತಾರೆ. ಹೃದಯದ ಪಂಪಿಂಗ್ ತೀರಾ ಕಡಿಮೆಯಿದೆ ಎಂದೋ ಬೇರೆ ಕಾರಣಕ್ಕೋ ಸರ್ಜನ್ ನಡೆಯುವುದು ಬೇಡ ಎಂದು ಬಿಡಿಸಿ ಹೇಳಿದ್ದರೆ ಮಾತ್ರ ಅವರ ಮಾತೇ ಅಂತಿಮ. ಹಾಳೆಯಲ್ಲಿ ‘ನಡಿಗೆ ಹೆಚ್ಚಿಸಿ’ ಎಂದೇ ಬರೆದಿರುವುದರಿಂದ ಹಾಗೇನೂ ಇದ್ದಂತಿಲ್ಲ.

ಅಮ್ಮನ ಭಯ ಸಹಜವೇ. ಅದು ತಪ್ಪು ಜಾಗದಲ್ಲಿ ಕೂತಿದೆ, ಅಷ್ಟೆ. ಆಪರೇಷನ್ ಆಗಿದ್ದು ಹೃದಯಕ್ಕೆ, ಹಾಗಾಗಿ ಹೃದಯಕ್ಕೆ ಆಯಾಸ ಕೊಡಬಾರದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವೇನೆಂದರೆ ಅಪ್ಪನ ಹೃದಯದ ಸ್ನಾಯುವಿಗೆ ಈಗ ಆಪರೇಷನ್‌ಗೆ ಮುಂಚೆ ಸಿಗುತ್ತಿದ್ದುದಕ್ಕಿಂತ ಹೆಚ್ಚು ರಕ್ತ ಸಿಗುತ್ತಿದೆ. ಹದವಾದ ನಡಿಗೆಯನ್ನು ಅದು ತಾಳಿಕೊಳ್ಳುತ್ತದೆ. ಈಗ ಕಾಪಾಡಬೇಕಾದದ್ದು ಎದೆಯ ನಡುವಿನ ಮೂಳೆಯನ್ನು. ಹೃದಯವನ್ನು ಮುಟ್ಟಲು ಆ ಮೂಳೆಯನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿ, ಕೊನೆಗೆ ಸ್ಟೀಲ್ ತಂತಿಗಳಿಂದ ಬಿಗಿದು ಸೇರಿಸಿರುತ್ತಾರೆ. ಮೂಳೆ ಬಹುಮಟ್ಟಿಗೆ ಕೂಡಿಕೊಳ್ಳಲು ಆರರಿಂದ ಎಂಟು ವಾರ, ಪೂರ್ತಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಹಿಡಿದಿಟ್ಟುಕೊಂಡಿರುವುದು ಆ ತಂತಿ. ಅಂದರೆ ಕಾಲಿಗೆ ಕೆಲಸ ಕೊಡಬೇಕು, ತೋಳಿಗೆ ರಜೆ ಕೊಡಬೇಕು. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಇದು ತಿರುವುಮುರುವಾಗಿರುತ್ತದೆ. ನಡೆಯಲು ಬಿಡುವುದಿಲ್ಲ, ಆದರೆ ಪ್ರತಿ ಸಲ ಹಾಸಿಗೆಯಿಂದ ಎಬ್ಬಿಸುವಾಗ ಕೈ ಹಿಡಿದು ಎಳೆಯುತ್ತಾರೆ.

ಅಮ್ಮನಿಗೆ ಹೇಳಲು ಒಂದು ಹಳೆಯ ಪ್ರಯೋಗದ ಕತೆ ಇದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐದು ಜನ ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿಟ್ಟರು. ಎದ್ದಾಗ ಅವರ ದೇಹದ ದುಡಿಯುವ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷದ ವಯಸ್ಸು ಮಾಡದಷ್ಟು ಹಾನಿಯನ್ನು ಆ ಮೂರು ವಾರದ ಹಾಸಿಗೆ ಮಾಡಿತ್ತು. ಕಾಯಿಲೆಯೇ ಇಲ್ಲದ ಹುಡುಗರ ಪಾಡು ಅದಾದರೆ 63ರ ಅಪ್ಪನನ್ನು ಮಲಗಿಸಿಡುವುದು ವಿಶ್ರಾಂತಿಯಾಗುವುದಿಲ್ಲ.

ಇನ್ನು ವಾರಗಳ ಲೆಕ್ಕಕ್ಕೆ ಬರೋಣ. ನಾನು ಎಣಿಸುವುದು ಆಪರೇಷನ್ ದಿನದಿಂದ. ಆ ಪ್ರಕಾರ ನೀವೀಗ ಎರಡನೇ ವಾರದಲ್ಲಿದ್ದೀರಿ.

ಎರಡನೇ ವಾರ: ಏಳುವುದು, ಕೆಮ್ಮುವುದು, ಐದು ನಿಮಿಷ ನಡೆಯುವುದು

ಮೊದಲು ಹಾಸಿಗೆಯಿಂದ ಏಳುವ ಬಗೆ, ಯಾಕೆಂದರೆ ಇದನ್ನು ದಿನಕ್ಕೆ ಹತ್ತು ಹದಿನೈದು ಸಲ ಮಾಡುತ್ತೀರಿ. ಅಪ್ಪ ಅಂಗಾತ ಮಲಗಿದ್ದಾರೆ ಎಂದಿಟ್ಟುಕೊಳ್ಳಿ. ಒಂದು ಸಣ್ಣ ದಿಂಬನ್ನು ಎದೆಗೆ ಅವಚಿಕೊಳ್ಳಲಿ, ಎರಡೂ ಮಂಡಿ ಮಡಚಲಿ. ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ ತಿರುಗುವಂತೆ ಮರದ ದಿಮ್ಮಿ ಉರುಳಿದ ಹಾಗೆ ಮಗ್ಗುಲಾಗಲಿ. ಕಾಲುಗಳನ್ನು ಮಂಚದ ಅಂಚಿನಿಂದ ಕೆಳಗೆ ಬಿಡಲಿ. ಕಾಲಿನ ಭಾರವೇ ಮೇಲಿನ ದೇಹವನ್ನು ಅರ್ಧ ಎತ್ತುತ್ತದೆ. ಉಳಿದರ್ಧಕ್ಕೆ ನೀವು ಅವರ ಬೆನ್ನಿನ ಹಿಂದೆ, ಭುಜದ ಎಲುಬಿನ ಮೇಲೆ ಅಂಗೈ ಇಟ್ಟು ತಳ್ಳಿ. ಕಂಕುಳಿಗೆ ಕೈ ಹಾಕಿ ಎತ್ತುವುದು, ಮುಂಗೈ ಹಿಡಿದು ಎಳೆಯುವುದು ಎರಡೂ ಬೇಡ. ಕೂತ ಮೇಲೆ ಒಂದು ನಿಮಿಷ ಹಾಗೇ ಇರಲಿ. ಈಗ ತೆಗೆದುಕೊಳ್ಳುವ ಮಾತ್ರೆಗಳಿಂದ ಎದ್ದ ತಕ್ಷಣ ಬಿಪಿ ಇಳಿದು ಕಣ್ಣು ಕತ್ತಲೆ ಬರುವುದುಂಟು.

ಕುರ್ಚಿಯಿಂದ ಏಳುವಾಗ ಕುರ್ಚಿಯ ಕೈಗಳನ್ನು ಒತ್ತಿ ಏಳುವ ಅಭ್ಯಾಸ ನಮಗೆಲ್ಲ ಇದೆ. ಸದ್ಯಕ್ಕೆ ಅಪ್ಪ ಅದನ್ನು ಬಿಡಬೇಕು. ಅಂಚಿಗೆ ಸರಿದು, ಪಾದಗಳನ್ನು ಹಿಂದಕ್ಕೆಳೆದು, ಕೈಗಳನ್ನು ಹಗುರವಾಗಿ ತೊಡೆಯ ಮೇಲಿಟ್ಟು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿದರೆ ಕಾಲೇ ಎತ್ತುತ್ತದೆ. ತಗ್ಗಾದ ಸೋಫಾದಲ್ಲಿ ಇದು ಆಗುವುದಿಲ್ಲ, ಎತ್ತರದ ಗಟ್ಟಿ ಕುರ್ಚಿ ಬೇಕು. ನೆಲದ ಮೇಲೆ ಕೂತು ಏಳುವುದು ಎಂಟು ವಾರದವರೆಗೆ ಬೇಡ.

ತೋಳಿಗೆ ರಜೆ ಎಂದರೆ ಕಟ್ಟಿಹಾಕುವುದಲ್ಲ. ಹೆದರಿ ಭುಜ ಅಲ್ಲಾಡಿಸದೇ ಇದ್ದು, ಆರನೇ ವಾರಕ್ಕೆ ಭುಜ ಹಿಡಿದುಕೊಂಡು ಬರುವವರು ಬೇಕಾದಷ್ಟು ಜನ. ಮೊಣಕೈ ಪಕ್ಕೆಗೆ ಹತ್ತಿರವಿದ್ದರೆ ಹೆಚ್ಚಿನ ಕೆಲಸಕ್ಕೆ ಅಪಾಯವಿಲ್ಲ. ಊಟ ಮಾಡುವುದು, ಮುಖ ತೊಳೆಯುವುದು, ಅಂಗಿಯ ಗುಂಡಿ ಹಾಕುವುದು ಎಲ್ಲ ಅವರೇ ಮಾಡಿಕೊಳ್ಳಲಿ. ಎರಡೂ ಕೈಯನ್ನು ಒಟ್ಟಿಗೆ, ನಿಧಾನವಾಗಿ, ನೋಯದಷ್ಟು ಮೇಲೆತ್ತುವುದನ್ನು ದಿನಕ್ಕೆ ಎರಡು ಸಲ, ಐದೈದು ಬಾರಿ ಮಾಡಿಸಿ. ಒಂದೇ ಕೈಯಿಂದ ಭಾರದ ಬಾಗಿಲು ಎಳೆಯುವುದು, ಒಂದು ಕೈ ಹಿಂದೆ ಚಾಚಿ ಏನನ್ನೋ ತೆಗೆಯುವುದು, ಬಾಟಲಿಯ ಬಿಗಿ ಮುಚ್ಚಳ ತಿರುವುವುದು, ಇಂಥವೇ ಮೂಳೆಯ ಎರಡು ಭಾಗಗಳನ್ನು ಬೇರೆ ಬೇರೆ ದಿಕ್ಕಿಗೆ ಜಗ್ಗುವುದು. ಭಾರದ ಮಿತಿ ಒಬ್ಬೊಬ್ಬ ಸರ್ಜನ್‌ದು ಒಂದೊಂದು ಇರುತ್ತದೆ. ಬೇರೆ ಹೇಳಿರದಿದ್ದರೆ ಸದ್ಯಕ್ಕೆ ಎರಡು ಕಿಲೋ ದಾಟಬೇಡಿ. ಎರಡು ಲೀಟರಿನ ನೀರಿನ ಬಾಟಲಿ ಅಷ್ಟು ತೂಗುತ್ತದೆ. ಮೊಮ್ಮಕ್ಕಳನ್ನು ಎತ್ತಿಕೊಳ್ಳುವಂತಿಲ್ಲ ಎಂದು ಬೇರೆ ಹೇಳಬೇಕಿಲ್ಲ, ಆದರೂ ಹೇಳುತ್ತಿದ್ದೇನೆ. ಯಾಕೆಂದರೆ ಈ ನಿಯಮವನ್ನು ಮುರಿಸುವುದು ಹೆಚ್ಚಾಗಿ ಅವರೇ.

ಈಗ ನಡಿಗೆ. ಸಮತಟ್ಟು ಜಾಗದಲ್ಲಿ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಆರಾಮವಾಗಿ ಆಗುತ್ತಿದ್ದರೆ ಎರಡು ದಿನಕ್ಕೊಮ್ಮೆ ಪ್ರತಿ ಸಲದ ನಡಿಗೆಗೆ ಒಂದೊಂದು ನಿಮಿಷ ಸೇರಿಸಿ. ಊಟವಾದ ಮೇಲೆ ಒಂದು ಗಂಟೆ ಬಿಡಿ. ಎದೆ ನೋವಿನಿಂದ ಹೆಜ್ಜೆ ಇಡಲು ಹಿಂಜರಿಯುತ್ತಿದ್ದರೆ ಬರೆದುಕೊಟ್ಟಿರುವ ನೋವಿನ ಮಾತ್ರೆಯನ್ನು ಅದರ ಹೊತ್ತಿಗೆ ಸರಿಯಾಗಿ ಕೊಟ್ಟು, ಅರ್ಧ ಗಂಟೆ ಬಿಟ್ಟು ನಡೆಸಿ. ನೋವನ್ನು ಸಹಿಸಿಕೊಳ್ಳುವುದು ಶೌರ್ಯವಲ್ಲ. ನೋಯುವವರು ಆಳವಾಗಿ ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ, ಕಫ ಒಳಗೇ ಉಳಿಯುತ್ತದೆ. ಒಂದು ಎಚ್ಚರ: ಮನೆಯಲ್ಲಿ ಬಿದ್ದಿರುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಥರದ ಮಾತ್ರೆಯನ್ನು ಮಾತ್ರ ನೀವಾಗಿ ಕೊಡಬೇಡಿ. ಬೈಪಾಸ್ ಆದ ಹೊಸದರಲ್ಲಿ ಅವು ಹೃದಯಕ್ಕೂ ಕಿಡ್ನಿಗೂ ಕೆಟ್ಟದ್ದು.

ಉಸಿರಾಟದ ವ್ಯಾಯಾಮಕ್ಕೆಂದು ಆಸ್ಪತ್ರೆಯಲ್ಲಿ ಕೊಟ್ಟ ಚೆಂಡಿನ ಉಪಕರಣ ಮೂಲೆ ಸೇರಿರಬಹುದು, ಹೊರಗೆ ತೆಗೆಯಿರಿ. ಎಚ್ಚರವಿರುವಾಗ ಗಂಟೆಗೆ ಹತ್ತು ಸಲ, ಅದರಿಂದ ಉಸಿರನ್ನು ನಿಧಾನವಾಗಿ ಒಳಗೆಳೆದು ಎರಡು ಮೂರು ಸೆಕೆಂಡು ಹಿಡಿಯಬೇಕು. ಆಮೇಲೆ ದಿಂಬನ್ನು ಎದೆಗೊತ್ತಿಕೊಂಡು ಎರಡು ಸಲ ಕೆಮ್ಮಬೇಕು. ಆಪರೇಷನ್ ನಂತರ ಎಡ ಶ್ವಾಸಕೋಶದ ತಳಭಾಗ ಸ್ವಲ್ಪ ಕುಗ್ಗಿರುತ್ತದೆ, ಅಲ್ಲಿ ತುಸು ನೀರೂ ಸೇರಿರುತ್ತದೆ. ಅದನ್ನು ಬಿಡಿಸುವ ಮದ್ದು ಈ ಉಸಿರಾಟ ಮತ್ತು ನಡಿಗೆಯೇ.

ನಾಡಿ 92, ಮತ್ತು ಒಂದು ನೋಟ್‌ಬುಕ್

ಈ ಹಂತದಲ್ಲಿ ಕೂತಾಗ 92 ಇರುವುದು ನನಗೆ ಗಾಬರಿ ತರುವ ಸಂಖ್ಯೆಯಲ್ಲ. ಆಪರೇಷನ್‌ನಲ್ಲಿ ಹಿಮೋಗ್ಲೋಬಿನ್ ಇಳಿದಿರುತ್ತದೆ, ದೇಹ ಗಾಯ ಮಾಯಿಸುವ ಕೆಲಸದಲ್ಲಿರುತ್ತದೆ, ನಿದ್ದೆ ಸರಿಯಿರುವುದಿಲ್ಲ. ಅಷ್ಟಕ್ಕೆಲ್ಲ ಹೃದಯ ಸ್ವಲ್ಪ ಬೇಗ ಬೇಗ ಬಡಿದು ಸರಿದೂಗಿಸುತ್ತದೆ. ವಾರಗಳು ಕಳೆದಂತೆ ಅದು ತಾನಾಗಿ ಇಳಿಯಬೇಕು. ಸುಮ್ಮನೆ ಕೂತಾಗಲೇ 120 ದಾಟಿದರೆ, ಅಥವಾ ಬಡಿತದ ಲಯ ತಪ್ಪಿದರೆ ಅದು ಬೇರೆ ಮಾತು.

ನಡೆಯುವಾಗ ಎಷ್ಟರವರೆಗೆ ಏರಬಹುದು? ಮುಂದೆ ಟ್ರೆಡ್‌ಮಿಲ್ ಪರೀಕ್ಷೆ ಆಗುವವರೆಗೆ, ಕೂತಾಗಿನ ಬಡಿತಕ್ಕಿಂತ 20ರಿಂದ 30 ಹೆಚ್ಚು ಸಾಕು. ಅಂದರೆ ಅಪ್ಪನಿಗೆ 112ರಿಂದ 122ರ ಒಳಗೆ. ಆದರೆ ಈ ಸಂಖ್ಯೆಯೊಂದನ್ನೇ ನಂಬಬೇಡಿ. ಮೆಟೊಪ್ರೊಲಾಲ್ ಥರದ ಮಾತ್ರೆ ಹೃದಯದ ವೇಗಕ್ಕೆ ಕಡಿವಾಣ ಹಾಕಿರುತ್ತದೆ. ದೇಹ ದಣಿದಿದ್ದರೂ ಬಡಿತ ಏರದೇ ಇರಬಹುದು. ಅದಕ್ಕಿಂತ ಗಟ್ಟಿ ಅಳತೆ ಮಾತು. ನಡೆಯುತ್ತಾ ಒಂದು ಪೂರ್ತಿ ವಾಕ್ಯವನ್ನು ಮಧ್ಯೆ ಉಸಿರು ತೆಗೆದುಕೊಳ್ಳದೆ ಹೇಳಲಾಗುತ್ತಿದೆಯೇ? ಹಾಗಾದರೆ ವೇಗ ಸರಿ. ಎರಡು ಪದಕ್ಕೊಮ್ಮೆ ನಿಲ್ಲುತ್ತಿದ್ದರೆ ನಿಧಾನ ಮಾಡಿ. ಹಾಡು ಹೇಳುವಷ್ಟು ಆರಾಮವಾಗಿದ್ದರೆ ತುಸು ಚುರುಕಾಗಿ ನಡೆಯಬಹುದು.

ಇದನ್ನೆಲ್ಲ ಬರೆದಿಡಲು ಒಂದು ನೋಟ್‌ಬುಕ್ ಬೇಕು. ಯಾಕೆ ಅನ್ನುವುದಕ್ಕೆ ನನ್ನ ಬಳಿ ಬರುತ್ತಿದ್ದ 58ರ ದರ್ಜಿಯೊಬ್ಬರ ಕತೆ ಹೇಳುತ್ತೇನೆ. ಅವರ ಹೆಂಡತಿ ಮಗಳ ಹಳೆಯ ಶಾಲೆಯ ಪುಸ್ತಕದಲ್ಲಿ ಗೆರೆ ಎಳೆದು ದಿನವೂ ಬರೆಯುತ್ತಿದ್ದರು: ಬೆಳಗಿನ ತೂಕ, ಜ್ವರ, ನಡೆಯುವ ಮುಂಚಿನ ನಾಡಿ, ನಡೆದ ತಕ್ಷಣದ್ದು, ಐದು ನಿಮಿಷ ಬಿಟ್ಟು ಇನ್ನೊಮ್ಮೆ. ಹದಿನೈದನೇ ದಿನ 88, 108, 92. ಹದಿನೆಂಟನೇ ದಿನ ಎರಡು ನಿಮಿಷ ಹೆಚ್ಚು ನಡೆದರೂ 86, 108, 90. ಸರಿಯಾದ ದಾರಿ ಹೀಗೇ ಇರುತ್ತದೆ. ನಡಿಗೆ ಹೆಚ್ಚುತ್ತದೆ, ಬಡಿತ ಹೆಚ್ಚುವುದಿಲ್ಲ, ಐದು ನಿಮಿಷದಲ್ಲಿ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತದೆ.

ಇಪ್ಪತ್ತನೇ ದಿನ ಬೆಳಿಗ್ಗೆ ಅವರು ‘ಯಾಕೋ ಸುಸ್ತು, ರಾತ್ರಿ ನಿದ್ದೆ ಬಂದಿಲ್ಲ’ ಎಂದರಂತೆ. ಎದೆ ನೋವಿಲ್ಲ, ಜ್ವರವಿಲ್ಲ. ಬಿಪಿ ಯಂತ್ರದಲ್ಲಿ ನಾಡಿ ಒಮ್ಮೆ 104 ಬಂತು, ಮರುಕ್ಷಣ ನೋಡಿದರೆ 131. ಯಂತ್ರ ಕೆಟ್ಟಿದೆ ಎಂದು ಮಗ ಬ್ಯಾಟರಿ ಬದಲಾಯಿಸಿದ. ಆಕೆ ಮಾತ್ರ ನಾನು ಹೇಳಿಕೊಟ್ಟಿದ್ದಂತೆ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದರು. ಎರಡು ಬಡಿತ ಬೇಗ, ಆಮೇಲೊಂದು ತಡ, ಮತ್ತೆ ಮೂರು ಬೇಗ, ಹೀಗೆ ಲಯವೇ ಇಲ್ಲ. ಅವತ್ತು ನಡೆಸದೆ ನೇರ ಕರೆತಂದರು. ಇಸಿಜಿಯಲ್ಲಿ ಕಂಡದ್ದು ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಮಿಡಿಯದೆ ಬರೀ ಅದುರುವ ಸ್ಥಿತಿ ಅದು. ಬೈಪಾಸ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಬರುತ್ತದೆ. ಹೆಚ್ಚಾಗಿ ಎರಡರಿಂದ ನಾಲ್ಕನೇ ದಿನದೊಳಗೆ, ಆಸ್ಪತ್ರೆಯಲ್ಲಿರುವಾಗಲೇ ಬಂದು ಹೋಗುತ್ತದೆ. ಕೆಲವರಿಗೆ ಹೀಗೆ ಮನೆಗೆ ಹೋದ ಮೇಲೆ. ಔಷಧಿಗೆ ಬಗ್ಗುವಂಥದ್ದೇ, ಆದರೆ ಬಿಟ್ಟರೆ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ತರಬಲ್ಲದು. ಅವರಿಗೆ ಲಯ ಮರಳಿತು. ಅದಾದ ಐದನೇ ದಿನ ಮತ್ತೆ ಐದು ನಿಮಿಷದಿಂದ ನಡಿಗೆ ಶುರು ಮಾಡಿದೆವು. ಯಂತ್ರಕ್ಕೆ ಕಾಣದ್ದು ಬೆರಳಿಗೆ ಸಿಕ್ಕಿತ್ತು.

ಅಮ್ಮನಿಗೆ ಈ ಕೆಲಸ ವಹಿಸಿ. ಅಪ್ಪನನ್ನು ತಡೆಯುವುದರಲ್ಲಿ ಖರ್ಚಾಗುತ್ತಿರುವ ಅವರ ಕಾಳಜಿಗೆ ಒಂದು ಉಪಯೋಗ ಸಿಗುತ್ತದೆ.

ತೂಕದ ಕಾಲಂ ಯಾಕೆಂದರೆ, ಒಂದೇ ದಿನದಲ್ಲಿ ಒಂದು ಕಿಲೋಗಿಂತ ಹೆಚ್ಚು, ಅಥವಾ ವಾರದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಜೊತೆಗೆ ಎರಡೂ ಕಾಲು ಊದಿಕೊಂಡಿದ್ದರೆ, ಅಂಗಾತ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ನಾಳ ತೆಗೆದ ಎಡಗಾಲು ಮಾತ್ರ ಸಂಜೆ ಹೊತ್ತಿಗೆ ಊದುವುದು ಬೇರೆ. ಅದು ವಾರಗಟ್ಟಲೆ ಇರುತ್ತದೆ. ಕೂತಾಗ ಕಾಲನ್ನು ಎತ್ತರದಲ್ಲಿಟ್ಟರೆ ಇಳಿಯುತ್ತದೆ. ಹಿಮ್ಮಡಿ ಗಂಟಿನ ಒಳಬದಿ ಮರಗಟ್ಟಿದಂತಿರುವುದೂ ಸಾಮಾನ್ಯ, ಅದಕ್ಕೆ ತಿಂಗಳುಗಳು ಬೇಕು. ಆದರೆ ಮೀನಖಂಡ ಬಿಗಿದು, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ತಡ ಮಾಡದೆ ತೋರಿಸಿ.

ಮೂರನೇ ವಾರ: ಅಳು, ಮತ್ತು ಟಿಕ್ ಎನ್ನುವ ಎದೆ

ನಡಿಗೆ ಈಗ ಹತ್ತರಿಂದ ಹದಿನೈದು ನಿಮಿಷ, ದಿನಕ್ಕೆ ಎರಡು ಮೂರು ಸಲ. ಒಂದು ಅಂತಸ್ತಿನ ಮೆಟ್ಟಿಲು ಹತ್ತಬಹುದು. ಕಂಬಿ ಹಿಡಿಯುವುದು ಸಮತೋಲನಕ್ಕೆ ಮಾತ್ರ, ಅದನ್ನು ಜಗ್ಗಿ ಮೇಲೇರುವಂತಿಲ್ಲ. ಮೇಲೇರುವಾಗ ಗಾಯವಿಲ್ಲದ ಕಾಲು ಮೊದಲು.

ಅತ್ತದ್ದಕ್ಕೆ ಕಾರಣವಿಲ್ಲ ಎಂದು ನಿಮಗೆ ಅನ್ನಿಸಿದೆ. ನಿದ್ದೆಗೆಟ್ಟ ರಾತ್ರಿಗಳು, ರುಚಿ ಹತ್ತದ ನಾಲಗೆ, ಸ್ನಾನಕ್ಕೂ ಇನ್ನೊಬ್ಬರನ್ನು ಕಾಯಬೇಕಾದ ಸ್ಥಿತಿ, ಜೊತೆಗೆ ಐಸಿಯುವಿನ ನೆನಪು, ಇವೆಲ್ಲ ಒಟ್ಟಾದರೆ ಯಾರಿಗೂ ಕಣ್ಣು ತುಂಬುತ್ತದೆ. ಎರಡು ಪುಟ ಓದಲಾಗದಷ್ಟು ಗಮನ ತಪ್ಪುವುದು, ಹೆಸರು ಮರೆಯುವುದೂ ಈ ವಾರಗಳಲ್ಲಿ ಇರುತ್ತದೆ ಮತ್ತು ಸಾಮಾನ್ಯವಾಗಿ ತಿಳಿಯಾಗುತ್ತದೆ. ಅಳಬೇಡಿ ಎನ್ನಬೇಡಿ. ಆದರೆ ಎರಡು ವಾರ ಬಿಡದೆ ಮಂಕಾಗಿದ್ದರೆ, ನಡಿಗೆ ಔಷಧಿ ಎರಡಕ್ಕೂ ‘ಬೇಡ’ ಎನ್ನುತ್ತಿದ್ದರೆ, ಬದುಕುವುದರಲ್ಲಿ ಏನಿದೆ ಎಂಬ ಮಾತು ಬಂದರೆ ಡಾಕ್ಟರಿಗೆ ಹೇಳಲೇಬೇಕು. ಇದು ಖಿನ್ನತೆ. ಬೈಪಾಸ್ ಆದವರಲ್ಲಿ ಅಪರೂಪವೇನಲ್ಲ, ಚಿಕಿತ್ಸೆ ಇದೆ, ಬಿಟ್ಟರೆ ಹೃದಯದ ಚೇತರಿಕೆಯನ್ನೂ ಹಿಂದೆಳೆಯುತ್ತದೆ.

ಮನೆಯವರು ಹೆಚ್ಚು ಕೇಳುವ ಇನ್ನೊಂದು ಪ್ರಶ್ನೆ ಎದೆಯ ನೋವಿನದು: ಇದು ಗಾಯದ್ದೋ ಹೃದಯದ್ದೋ? ಗಾಯದ ನೋವು ಮಗ್ಗುಲು ಬದಲಿಸಿದರೆ, ಕೆಮ್ಮಿದರೆ, ಬೆರಳಿಟ್ಟು ಒತ್ತಿದರೆ ಹೆಚ್ಚುತ್ತದೆ, ಎಲ್ಲಿ ಎಂದು ಬೆರಳಲ್ಲಿ ತೋರಿಸಲಾಗುತ್ತದೆ. ಗ್ರಾಫ್ಟ್‌ಗೆ ಎದೆಯ ಒಳಗಿನ ನಾಳವನ್ನು ಬಳಸಿದ್ದರೆ ಎದೆಯ ಎಡಭಾಗ ಉರಿಯುವುದು, ಜುಮ್ಮೆನ್ನುವುದು, ಬಟ್ಟೆ ತಾಗಿದರೂ ಸಹಿಸದಿರುವುದು ಇರುತ್ತದೆ. ಅದು ಚರ್ಮದ ನರಗಳ ತಕರಾರು. ಹೃದಯದ ನೋವು ನಡೆದಾಗ ಬಂದು ನಿಂತಾಗ ಹೋಗುತ್ತದೆ. ಬೆರಳಿನಿಂದಲ್ಲ, ಅಂಗೈಯನ್ನು ಎದೆಗೊತ್ತಿ ತೋರಿಸುತ್ತಾರೆ, ಒತ್ತಿದಂತೆ ಹಿಂಡಿದಂತೆ ಎನ್ನುತ್ತಾರೆ. ಆಪರೇಷನ್‌ಗೆ ಮುಂಚೆ ಬರುತ್ತಿದ್ದ ನೋವು ಹೇಗಿತ್ತು ಎಂದು ಅಪ್ಪನಿಗೆ ಗೊತ್ತಿರುತ್ತದೆ. ಅದೇ ಮರಳಿದೆ ಎಂದರೆ ಅವರ ಮಾತನ್ನು ನಂಬಿ. ಕೂತು ಐದು ನಿಮಿಷದಲ್ಲಿ ಹೋಗದಿದ್ದರೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ದಿಢೀರ್ ಏದುಸಿರು, ಪ್ರಜ್ಞೆ ತಪ್ಪುವುದು, ಮಾತು ತೊದಲುವುದು, ಒಂದು ಬದಿ ಬಲ ಕಳೆದುಕೊಳ್ಳುವುದು, ಇವಕ್ಕೆ ಐದು ನಿಮಿಷವೂ ಕಾಯಬಾರದು. ಇವೆರಡೂ ಅಲ್ಲದ ಮೂರನೇ ನೋವೂ ಒಂದಿದೆ. ಆಳವಾಗಿ ಉಸಿರೆಳೆದರೆ ಚುಚ್ಚುತ್ತದೆ, ಮಲಗಿದರೆ ಹೆಚ್ಚು, ಮುಂದೆ ಬಾಗಿ ಕೂತರೆ ಕಡಿಮೆ, ಜೊತೆಗೆ ಸಣ್ಣ ಜ್ವರ. ಹೃದಯದ ಹೊರಪೊರೆಯ ಉರಿಯೂತ ಹೀಗೆ ಬರುತ್ತದೆ. ಔಷಧಿಯಿಂದ ಹೋಗುತ್ತದೆ, ಆದರೆ ತೋರಿಸಬೇಕು.

ನಾನು ನಿಜವಾಗಿ ಭಯಪಡುವುದು ಮೂಳೆಯ ವಿಚಾರಕ್ಕೆ. ಮೈ ತಿರುಗಿಸಿದಾಗ ಪಕ್ಕೆಲುಬಿನ ಸಂದಿನಲ್ಲಿ ಒಮ್ಮೊಮ್ಮೆ ಟಿಕ್ ಎನ್ನುವುದುಂಟು, ಅದರಿಂದ ಕೇಡಿಲ್ಲ. ಆದರೆ ಅಪ್ಪನೇ ಅಂಗೈಯನ್ನು ಎದೆಯ ನಡುವೆ ಹಗುರವಾಗಿಟ್ಟು ಕೆಮ್ಮಿದಾಗ, ಎರಡು ಭಾಗ ಒಂದಕ್ಕೊಂದು ಉಜ್ಜಿದಂತೆ, ಜರುಗಿದಂತೆ ಕೈಗೆ ತಿಳಿದರೆ ತಂತಿ ಸಡಿಲಾಗಿರಬಹುದು. ಗಾಯದಿಂದ ಹೊಸದಾಗಿ ನೀರು ಅಥವಾ ಕೀವು ಬರುವುದು, ಸುತ್ತ ಕೆಂಪು ಹರಡುವುದು, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರುವುದು, ಇವುಗಳಲ್ಲಿ ಯಾವುದೇ ಒಂದಿದ್ದರೂ ಅವತ್ತೇ ಸರ್ಜನ್‌ಗೆ ತೋರಿಸಿ. ಎದೆಮೂಳೆಯ ಆಳದ ಸೋಂಕು ನೂರಕ್ಕೆ ಒಬ್ಬಿಬ್ಬರಿಗೆ ಬರುವಂಥದ್ದು, ಹೆಚ್ಚಾಗಿ ಮೊದಲ ತಿಂಗಳಲ್ಲಿ. ಸಕ್ಕರೆ ಕಾಯಿಲೆ, ಬೊಜ್ಜು, ಧೂಮಪಾನ ಇದ್ದವರಿಗೆ ಹೆಚ್ಚು. ಬಂದರೆ ಜೀವಕ್ಕೇ ಅಪಾಯ. ಗಾಯಕ್ಕೆ ಪುಡಿ, ಎಣ್ಣೆ, ಮುಲಾಮು ಏನೂ ಹಚ್ಚಬೇಡಿ. ಸೋಪು ನೀರಿನಲ್ಲಿ ತೊಳೆದು ಒತ್ತಿ ಒರೆಸಿದರೆ ಸಾಕು.

ನಾಲ್ಕರಿಂದ ಆರನೇ ವಾರ

ನಾಲ್ಕನೇ ವಾರ ಇಪ್ಪತ್ತು ನಿಮಿಷ ಎರಡು ಸಲ, ಆರನೇ ವಾರದ ಹೊತ್ತಿಗೆ ಒಂದೇ ಬಾರಿಗೆ ಮೂವತ್ತು ನಿಮಿಷ. ಮೊದಲ ಐದು ನಿಮಿಷ ನಿಧಾನ, ನಡುವೆ ಚುರುಕು, ಕೊನೆಯ ಐದು ನಿಮಿಷ ಮತ್ತೆ ನಿಧಾನ. ಕೊನೆಯ ಐದನ್ನು ಜನ ಬಿಟ್ಟುಬಿಡುತ್ತಾರೆ. ನಡೆಯುವಾಗ ಕಾಲಿನ ರಕ್ತನಾಳಗಳು ಹಿಗ್ಗಿರುತ್ತವೆ, ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ತಿರುಗುತ್ತದೆ. ನಡೆದು ಬಂದ ತಕ್ಷಣ ಬಿಸಿನೀರಿನ ಸ್ನಾನವೂ ಇದೇ ಕಾರಣಕ್ಕೆ ಬೇಡ.

ಒಂದು ದಿನ ಚೆನ್ನಾಗಿ ನಡೆದು ಮರುದಿನ ಸುಸ್ತಾದರೆ ಹೆದರಬೇಡಿ. ಹಿಂದಿನ ದಿನದ ಅರ್ಧದಷ್ಟು ನಡೆಸಿ, ಮರುದಿನ ಪೂರ್ತಿಗೆ ಮರಳಿ. ಎರಡು ಮೂರು ದಿನವಾದರೂ ಮೊದಲಿನಷ್ಟು ಆಗದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಬಹಳ ಸಲ ಹಿಮೋಗ್ಲೋಬಿನ್ ಏರಿರುವುದಿಲ್ಲ.

ಹೃದಯದ ಚಿಕಿತ್ಸೆ ಆದವರಿಗೆ ನಿಗಾದಲ್ಲಿ ವ್ಯಾಯಾಮ ಮಾಡಿಸುವ ಕಾರ್ಡಿಯಾಕ್ ರೀಹ್ಯಾಬ್ ಕೇಂದ್ರಕ್ಕೆ ಹೋಗಲು ಶುರು ಮಾಡುವುದು ಸಾಮಾನ್ಯವಾಗಿ ಈ ಅವಧಿಯಲ್ಲಿ. ಮೊದಲ ದಿನ ಆರು ನಿಮಿಷ ನಡೆಸಿ ಎಷ್ಟು ದೂರ ಹೋದರು ಎಂದು ಅಳೆಯುತ್ತಾರೆ. ಆಮೇಲೆ ಎದೆಗೆ ತಂತಿ ಅಂಟಿಸಿ, ಇಸಿಜಿ ನೋಡುತ್ತಲೇ ಟ್ರೆಡ್‌ಮಿಲ್ ಅಥವಾ ಸೈಕಲ್. ವಾರಕ್ಕೆ ಮೂರರಂತೆ ಹನ್ನೆರಡು ವಾರ, ಒಟ್ಟು 36 ಸಲ ಎಂಬುದು ಬಹಳ ಕಡೆ ಇರುವ ಕ್ರಮ. ದೂರವಾದರೆ ಮನೆಯಲ್ಲೇ ಮಾಡಿ ಫೋನಿನಲ್ಲಿ ವರದಿ ಕೊಡುವ ಏರ್ಪಾಡನ್ನು ಕೇಳಿ ನೋಡಿ. ಅಪಾಯ ಕಡಿಮೆಯಿರುವವರಲ್ಲಿ ಅದೂ ಸಮನಾಗಿ ಫಲ ಕೊಡುತ್ತದೆ.

ಆರನೇ ವಾರದಿಂದ ಮೂರು ತಿಂಗಳು

ಆರರಿಂದ ಎಂಟನೇ ವಾರದೊಳಗೆ ಸರ್ಜನ್ ಮೂಳೆಯನ್ನು ನೋಡಿ ತೋಳಿನ ರಜೆಯನ್ನು ಹಂತಹಂತವಾಗಿ ಮುಗಿಸುತ್ತಾರೆ. ಅವರು ಒಪ್ಪಿದ ಮೇಲೆ ಕಾರು ಓಡಿಸಬಹುದು. ಅಲ್ಲಿಯವರೆಗೆ ಹಿಂದಿನ ಸೀಟು, ಬೆಲ್ಟ್ ಹಾಕಿಕೊಂಡು, ಬೆಲ್ಟಿಗೂ ಎದೆಗೂ ನಡುವೆ ಮಡಚಿದ ಟವಲ್. ಕೂತು ಮಾಡುವ ಕೆಲಸಕ್ಕೆ ಆರರಿಂದ ಎಂಟು ವಾರದಲ್ಲಿ, ಮೈಮುರಿದು ದುಡಿಯುವ ಕೆಲಸಕ್ಕೆ ಮೂರು ತಿಂಗಳ ನಂತರ ಮರಳಬಹುದು. ಕೇಳಲು ಸಂಕೋಚಪಡುವ ಒಂದು ವಿಷಯ ನಾನೇ ಹೇಳಿಬಿಡುತ್ತೇನೆ: ಎರಡು ಅಂತಸ್ತು ಮೆಟ್ಟಿಲನ್ನು ಎದೆನೋವು, ಏದುಸಿರು ಇಲ್ಲದೆ ಹತ್ತಬಲ್ಲವರ ಹೃದಯ ದಾಂಪತ್ಯ ಸುಖಕ್ಕೆ ಸಿದ್ಧವಿರುತ್ತದೆ. ತೋಳಿನ ಮೇಲೆ ಭಾರ ಬೀಳದಂತೆ ನೋಡಿಕೊಂಡರಾಯಿತು.

ಟ್ರೆಡ್‌ಮಿಲ್ ಪರೀಕ್ಷೆಯಾದ ಮೇಲೆ ‘20ರಿಂದ 30 ಹೆಚ್ಚು’ ಎಂಬ ಲೆಕ್ಕ ಬಿಟ್ಟು ಅಪ್ಪನದೇ ಆದ ಲೆಕ್ಕ ಸಿಗುತ್ತದೆ. ಅವರ ಕೂತಾಗಿನ ಬಡಿತ ಆಗ 72ಕ್ಕೆ ಇಳಿದಿದೆ, ಪರೀಕ್ಷೆಯಲ್ಲಿ ತೊಂದರೆಯಿಲ್ಲದೆ 132 ಮುಟ್ಟಿದರು ಎಂದುಕೊಳ್ಳಿ. ನಡುವಿನ ಅಂತರ 60. ಅದರ ಅರ್ಧ 30, ಶೇಕಡಾ 70 ಎಂದರೆ 42. ಇವನ್ನು 72ಕ್ಕೆ ಕೂಡಿಸಿದರೆ 102 ಮತ್ತು 114. ಈ ಎರಡರ ನಡುವೆ ಬಡಿತವಿರುವಂತೆ ಮೂವತ್ತು ನಿಮಿಷ ನಡೆಯುವುದು ಅವರ ವ್ಯಾಯಾಮ. ಪರೀಕ್ಷೆಯ ದಿನ ಮಾತ್ರೆ ನಿಲ್ಲಿಸಿ ಬಂದರೆ ಈ ಲೆಕ್ಕ ತಲೆಕೆಳಗಾಗುತ್ತದೆ, ಆದ್ದರಿಂದ ನುಂಗಿಯೇ ಬರಬೇಕೇ ಎಂದು ಮೊದಲೇ ಕೇಳಿಕೊಳ್ಳಿ.

ತೋಳಿನ ಬಲಕ್ಕೆ ಅರ್ಧ ಕಿಲೋ, ಒಂದು ಕಿಲೋ ತೂಕದಿಂದ ಶುರು. ಹತ್ತರಿಂದ ಹದಿನೈದು ಸಲ, ಎತ್ತುವಾಗ ಉಸಿರು ಬಿಡುತ್ತಾ. ಉಸಿರು ಬಿಗಿಹಿಡಿದು ಮುಕ್ಕಿದರೆ ಬಿಪಿ ದಿಢೀರ್ ಏರುತ್ತದೆ. ಮಲಬದ್ಧತೆ ಇದ್ದಾಗ ಮುಕ್ಕುವುದಕ್ಕೂ ಇದೇ ಮಾತು, ಅದು ಇವತ್ತಿನಿಂದಲೇ ಅನ್ವಯಿಸುತ್ತದೆ. ಎದೆಯೊಳಗಿನ ತಂತಿಗಳು ಜೀವನಪೂರ್ತಿ ಅಲ್ಲೇ ಇರುತ್ತವೆ, ತೆಗೆಸಬೇಕಿಲ್ಲ.

ಈ ಮೂರು ತಿಂಗಳಲ್ಲಿ ಚೆನ್ನಾಗಿದ್ದಾರೆ ಎಂಬ ಧೈರ್ಯಕ್ಕೆ ಕೆಲವರು ಆಸ್ಪಿರಿನ್ ಬಿಟ್ಟುಬಿಡುತ್ತಾರೆ. ಹೊಟ್ಟೆ ಉರಿ ಎಂದೋ, ಹಲ್ಲು ಕೀಳಿಸಬೇಕೆಂದೋ. ಕಾಲಿನಿಂದ ತಂದು ಜೋಡಿಸಿದ ನಾಳದ ಒಳಗೋಡೆ ಹೊಸ ಒತ್ತಡಕ್ಕೆ ಇನ್ನೂ ಒಗ್ಗಿರುವುದಿಲ್ಲ. ಮೊದಲ ತಿಂಗಳುಗಳಲ್ಲಿ ಅಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು. ಅದಕ್ಕೆ ತಡೆ ಆ ಮಾತ್ರೆ. ಕೊಲೆಸ್ಟರಾಲ್ ಮಾತ್ರೆಯೂ ಹಾಗೆಯೇ, ವರದಿ ಸರಿ ಬಂತೆಂದು ನಿಲ್ಲಿಸುವಂಥದ್ದಲ್ಲ. ಯಾವುದೇ ಮಾತ್ರೆಯಿಂದ ತೊಂದರೆಯಾದರೆ ಬದಲಿ ಕೇಳಿ.

ಮುಂದಿನ ಭೇಟಿಗೆ ನೋಟ್‌ಬುಕ್ ಕೈಯಲ್ಲಿರಲಿ. ಅದರ ಕೊನೆಯ ಪುಟದಲ್ಲಿ ಮೂರು ಪ್ರಶ್ನೆ ಬರೆದುಕೊಂಡು ಹೋಗಿ: ಎಕೋದಲ್ಲಿ ಪಂಪಿಂಗ್ ಈಗ ಶೇಕಡಾ ಎಷ್ಟಿದೆ? ನಡೆಯುವಾಗ ನಾಡಿ ಎಷ್ಟು ದಾಟಬಾರದು? ಎರಡು ಕಿಲೋ ಮಿತಿ ಯಾವ ತಾರೀಖಿನವರೆಗೆ? ಉತ್ತರವನ್ನು ಅಲ್ಲೇ, ಅವರ ಎದುರಿಗೇ ಬರೆದುಕೊಳ್ಳಿ. ಅಮ್ಮನನ್ನೂ ಒಳಗೆ ಕರೆದುಕೊಂಡು ಹೋಗಿ, ಸರ್ಜನ್ ಬಾಯಿಂದಲೇ ಕೇಳಲಿ.